ಅಪಘಾತದ ಹಾಟ್‌ಸ್ಪಾಟ್ ನಕ್ಷೆ: ಕರ್ನೆಲ್ ಸಾಂದ್ರತೆಗೆ ಸರಿಯಾದ ಬ್ಯಾಂಡ್‌ವಿಡ್ತ್ ಆರಿಸುವ ಕ್ರಮ

ಅಪಘಾತದ ಬಿಂದುಗಳನ್ನು ಹಾಕಿ ಹೀಟ್‌ಮ್ಯಾಪ್ ಮಾಡಿದವರ ನಕ್ಷೆಗಳು ಹೆಚ್ಚಾಗಿ ಎರಡೇ ರೀತಿಯಲ್ಲಿ ಕೆಡುತ್ತವೆ. ಒಂದರಲ್ಲಿ ಕೋಲಾರ ನಗರ ಪೂರ್ತಿ ಕೆಂಪಾಗಿ, ಊರಿನಲ್ಲಿ ಅಪಘಾತ ಹೆಚ್ಚು ಎಂಬ ಎಲ್ಲರಿಗೂ ಗೊತ್ತಿರುವ ಮಾತನ್ನಷ್ಟೇ ಹೇಳುತ್ತದೆ. ಇನ್ನೊಂದರಲ್ಲಿ ಪ್ರತಿ ಅಪಘಾತವೂ ತನ್ನದೇ ಒಂದು ಕೆಂಪು ಚುಕ್ಕೆಯಾಗಿ, ಹಾಟ್‌ಸ್ಪಾಟ್ ಯಾವುದು, ಒಂಟಿ ಘಟನೆ ಯಾವುದು ಎಂದು ತಿಳಿಯುವುದೇ ಇಲ್ಲ. ಎರಡಕ್ಕೂ ಕಾರಣ ಒಂದೇ. ಪ್ರತಿ ಬಿಂದುವಿನ ಪ್ರಭಾವ ಎಷ್ಟು ದೂರ ಹರಡಬೇಕೆಂದು ಹೇಳುವ ತ್ರಿಜ್ಯದ ಖಾನೆಯಲ್ಲಿ ಯಾವುದೋ ಒಂದು ಸಂಖ್ಯೆ ಕೂತಿದೆ, ಅದು ಅಲ್ಲಿಗೆ ಹೇಗೆ ಬಂತು ಎಂಬ ಲೆಕ್ಕ ಯಾರಲ್ಲೂ ಇಲ್ಲ.

ಈ ಮಾರ್ಗದರ್ಶಿ ಒಂದೇ ಹೆದ್ದಾರಿಯ ಒಂದು ತುಂಡಿಗೆ ಸೀಮಿತ: ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನರಸಾಪುರದ ಕಡೆಯಿಂದ ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ಸಾಗುವ ಸುಮಾರು 40 ಕಿ.ಮೀ. ಇಡೀ ಜಿಲ್ಲೆಯ ರಸ್ತೆಜಾಲಕ್ಕೆ ಕೈ ಹಾಕುವ ಮೊದಲು ಒಂದು ರಸ್ತೆಯಲ್ಲಿ ಕ್ರಮ ಕಲಿಯುವುದು ಒಳ್ಳೆಯದು. ಉದಾಹರಣೆಯಲ್ಲಿ 3 ವರ್ಷದ 120 ಗಂಭೀರ ಅಪಘಾತಗಳಿವೆ ಎಂದು ಇಟ್ಟುಕೊಂಡಿದ್ದೇವೆ. ಅಪಘಾತಗಳ ಎಣಿಕೆಯೂ ಅಂಕಗಳೂ ವಿಧಾನ ತೋರಿಸಲು ಹಾಕಿಕೊಂಡವು, ಆ ರಸ್ತೆಯ ನಿಜ ದಾಖಲೆಯಲ್ಲ.

## ಬೇಕಾದವು

ಕ್ಯೂಜಿಐಎಸ್ ತಂತ್ರಾಂಶ, ನಂಪೈ ಇರುವ ಪೈಥಾನ್, ಹೆದ್ದಾರಿಯ ಒಂದು ಗೆರೆ, ಮತ್ತು ಅಪಘಾತಗಳ ಪಟ್ಟಿ. ಪಟ್ಟಿಯಲ್ಲಿ ದಿನಾಂಕ, ಅಕ್ಷಾಂಶ, ರೇಖಾಂಶ, ಗಾಯದ ತೀವ್ರತೆ ಇರಬೇಕು. ಇವುಗಳ ಜೊತೆ ಬಹಳ ಜನ ಬಿಟ್ಟುಬಿಡುವ ಇನ್ನೊಂದು ಕಾಲಂ ಬೇಕು: ಈ ಸ್ಥಾನ ಹೇಗೆ ಸಿಕ್ಕಿತು? ಸ್ಥಳದಲ್ಲಿ ಮೊಬೈಲಿನಲ್ಲಿ ಗುರುತಿಸಿದ್ದೇ, ಎಫ್‌ಐಆರ್‌ನ ವಿವರಣೆ ಓದಿ ಆಮೇಲೆ ಹಾಕಿದ್ದೇ, ಕಿಲೋಮೀಟರ್ ಕಲ್ಲಿನ ಲೆಕ್ಕವೇ? ನಾಲ್ಕನೇ ಹಂತದಲ್ಲಿ ಬ್ಯಾಂಡ್‌ವಿಡ್ತ್‌ನ ಕೆಳಮಿತಿ ನಿಲ್ಲುವುದೇ ಈ ಕಾಲಂ ಮೇಲೆ.

## ಹಂತ 1: ಬಿಂದುಗಳನ್ನು ತೊಳೆಯುವುದು

ಮೊದಲು ಒಂದೇ ಅಕ್ಷಾಂಶ-ರೇಖಾಂಶ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಒಂದೇ ಜಾಗದಲ್ಲಿ 8 ಅಪಘಾತ, ಐದಾರು ದಶಮಾಂಶದವರೆಗೂ ಅದೇ ಅಂಕಿ ಎಂದರೆ ಅದು ಹಾಟ್‌ಸ್ಪಾಟ್ ಅಲ್ಲ, ದಾಖಲಿಸಿದ ರೀತಿಯ ಗುರುತು. ನಕ್ಷೆಯಲ್ಲಿ ಆ ಬಿಂದುವಿನ ಮೇಲೆ ಹೋಗಿ ನೋಡಿದರೆ ಠಾಣೆಯ ಅಂಗಳವೋ, ಆಸ್ಪತ್ರೆಯ ಬಾಗಿಲೋ, ಹಳ್ಳಿಯ ಹೆಸರು ಬರೆದಿರುವ ಜಾಗವೋ ಸಿಗುತ್ತದೆ. ಎಫ್‌ಐಆರ್‌ನಲ್ಲಿ ಘಟನಾ ಸ್ಥಳವನ್ನು ಠಾಣೆಯಿಂದ ಇಂತಿಷ್ಟು ದೂರ, ಇಂಥ ದಿಕ್ಕು ಎಂದು ಬರೆಯುವ ಕಾಲಂ ಇದೆ. ಅದನ್ನಷ್ಟೇ ನಂಬಿ ಬಿಂದು ಹಾಕಿದರೆ ಒಂದು ಕಿಲೋಮೀಟರ್ ತಪ್ಪುವುದು ಸುಲಭ. ಸರಿಯಾದ ಜಾಗ ಸ್ಥಳ ಮಹಜರಿನಲ್ಲಿ, ಅದರ ಜೊತೆಗಿನ ಕೈನಕ್ಷೆಯಲ್ಲಿ ಇರುತ್ತದೆ: ಯಾವ ಪೆಟ್ರೋಲ್ ಬಂಕಿನ ಎದುರು, ಡಿವೈಡರ್ ಸಂದಿಯಿಂದ ಎಷ್ಟು ಅಡಿ, ಯಾವ ಬದಿ. ರಾಶಿಯಾಗಿರುವ ಬಿಂದುಗಳನ್ನು ಮಹಜರು ನೋಡಿ ಸರಿಪಡಿಸಿ. ಸರಿಪಡಿಸಲು ಆಗದವನ್ನು ಪಕ್ಕಕ್ಕಿಡಿ, ಎಷ್ಟನ್ನು ಪಕ್ಕಕ್ಕಿಟ್ಟಿರಿ ಎಂದು ಬರೆದಿಡಿ.

ಒಂದು ಅಪಘಾತಕ್ಕೆ ಒಂದೇ ಬಿಂದು. ಪಟ್ಟಿಯಲ್ಲಿ ಸಾಲಿಗೊಬ್ಬ ಗಾಯಾಳು ಇದ್ದರೆ ಒಂದು ಬಸ್ ಅಪಘಾತವೇ ಹದಿನೈದು ಬಿಂದುವಾಗಿ ಗುಡ್ಡ ಎಬ್ಬಿಸುತ್ತದೆ. ಸಾವಿನ ಸಂಖ್ಯೆಯನ್ನು ತೂಕವಾಗಿ ಕೊಟ್ಟರೂ ಇದೇ ಗತಿ. ತೂಕದ ಖಾನೆಯನ್ನು ಖಾಲಿ ಬಿಡಿ, ಬೇಕಿದ್ದರೆ ಗಂಭೀರ ಗಾಯ ಮತ್ತು ಸಾವಿನ ಪ್ರಕರಣಗಳನ್ನಷ್ಟೇ ಆರಿಸಿ.

ಅಂಚಿನ ವಿಷಯ ಮರೆಯಬೇಡಿ. 40 ಕಿ.ಮೀ. ತುಂಡಿನ ಎರಡೂ ತುದಿಯಾಚೆ ಕನಿಷ್ಠ 1 ಕಿ.ಮೀ. ತನಕದ ಅಪಘಾತಗಳನ್ನೂ ಸೇರಿಸಿಕೊಂಡು ಲೆಕ್ಕ ಮಾಡಿ, ಫಲಿತಾಂಶದಲ್ಲಿ ಮಾತ್ರ ಆ ಭಾಗ ಕತ್ತರಿಸಿ. ಇಲ್ಲದಿದ್ದರೆ ತುದಿಯಲ್ಲಿ ಸಾಂದ್ರತೆ ಸುಳ್ಳುಸುಳ್ಳೇ ಇಳಿಯುತ್ತದೆ. ತುಂಡನ್ನು ನಂಗಲಿಯವರೆಗೆ ಎಳೆದರೆ ಗಡಿಯಾಚೆಯ ಪ್ರಕರಣಗಳು ಆಂಧ್ರದ ಠಾಣೆಗಳಲ್ಲಿರುತ್ತವೆ. ಅವು ಸಿಗದಿದ್ದರೆ ಗಡಿಯ ಹತ್ತಿರದ ಕೊನೆಯ ಒಂದು ಕಿಲೋಮೀಟರ್ ಬಗ್ಗೆ ತೀರ್ಮಾನ ಕೊಡಬೇಡಿ.

## ಹಂತ 2: 78ನೇ ರೇಖಾಂಶದ ತೊಡಕು

ಅಕ್ಷಾಂಶ-ರೇಖಾಂಶದಲ್ಲೇ ಇರುವ ಪದರಕ್ಕೆ ತ್ರಿಜ್ಯ 500 ಎಂದು ಕೊಟ್ಟರೆ ಕ್ಯೂಜಿಐಎಸ್ ಅದನ್ನು 500 ಡಿಗ್ರಿ ಎಂದೇ ಓದುತ್ತದೆ. ಹಾಗಾಗಿ ಮೊದಲು ಮೀಟರ್ ಅಳತೆಯ ಯುಟಿಎಂ ವ್ಯವಸ್ಥೆಗೆ ಬದಲಿಸಬೇಕು.

ಇಲ್ಲಿ ಕೋಲಾರಕ್ಕೆ ವಿಶೇಷವಾದ ಒಂದು ತೊಡಕಿದೆ. ಯುಟಿಎಂನ 43 ಮತ್ತು 44ನೇ ವಲಯಗಳ ಗಡಿ 78 ಡಿಗ್ರಿ ಪೂರ್ವ ರೇಖಾಂಶ, ಅದು ಈ ಜಿಲ್ಲೆಯನ್ನೇ ಸೀಳಿಕೊಂಡು ಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ ಮತ್ತು ಮುಳಬಾಗಿಲು 44ರಲ್ಲಿ. ಚಿಕ್ಕಬಳ್ಳಾಪುರದವರಿಗೂ ಇದೇ ಪಾಡು: ಜಿಲ್ಲಾ ಕೇಂದ್ರ 43ರಲ್ಲಿ, ಚಿಂತಾಮಣಿ 44ರಲ್ಲಿ. ಒಂದು ತಾಲ್ಲೂಕಿನ ಕಡತ ಒಂದು ವಲಯದಲ್ಲಿ, ಪಕ್ಕದ ತಾಲ್ಲೂಕಿನದು ಇನ್ನೊಂದರಲ್ಲಿ ಬಂದು, ವಲಯ ನೋಡದೆ ಅಂಕಿಗಳನ್ನು ಒಂದೇ ಹಾಳೆಗೆ ಸುರಿದರೆ ಅರ್ಧ ಬಿಂದುಗಳು ನೂರಾರು ಕಿಲೋಮೀಟರ್ ಆಚೆ ಹಾರುತ್ತವೆ. ಎಲ್ಲವನ್ನೂ ಒಂದೇ ವಲಯಕ್ಕೆ, ಈ ತುಂಡಿಗೆ `EPSG:32644`ಗೆ ತನ್ನಿ. ಗಡಿಯಿಂದ ಸ್ವಲ್ಪ ಪಶ್ಚಿಮಕ್ಕೆ ಚಾಚಿದ ಭಾಗದಲ್ಲಿ ಅಳತೆಯ ವ್ಯತ್ಯಾಸ ಸಾವಿರ ಮೀಟರಿಗೆ ಸುಮಾರು ಒಂದು ಮೀಟರ್ ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

## ಹಂತ 3: ಬಿಂದುವನ್ನು ಚೈನೇಜ್‌ಗೆ ಇಳಿಸುವುದು

ಒಂದೇ ರಸ್ತೆಯ ಮೇಲಿನ ಅಪಘಾತಕ್ಕೆ ಬಯಲಿನ ಎರಡು ಆಯಾಮದ ಲೆಕ್ಕ ಬೇಕಿಲ್ಲ. ಊರೊಳಗಿನ ಹಳೆ ರಸ್ತೆಯೂ ಹೊರಗಿನ ಬೈಪಾಸೂ ಹತ್ತಿರ ಬಂದ ಕಡೆ, ಬಯಲಿನ ಲೆಕ್ಕ ಒಂದರ ಅಪಘಾತವನ್ನು ಇನ್ನೊಂದರ ತಲೆಗೆ ಕಟ್ಟುತ್ತದೆ. ಅದಕ್ಕೆ ಪ್ರತಿ ಬಿಂದುವಿಗೂ ಗೆರೆಯ ಆರಂಭದಿಂದ ಎಷ್ಟು ಮೀಟರ್ ದೂರ ಎಂಬ ಚೈನೇಜ್ ಕೊಟ್ಟುಬಿಡಿ.

ಹೆದ್ದಾರಿಗೆ ಒಂದೇ ಗೆರೆ ಇರಲಿ. ನಕ್ಷೆಯ ಕಡತಗಳಲ್ಲಿ ಜೋಡಿ ರಸ್ತೆಗೆ ಎರಡು ಗೆರೆ, ಅದೂ ತುಂಡುತುಂಡಾಗಿ ಇರುತ್ತದೆ. ಒಂದು ಬದಿಯದನ್ನು ಆರಿಸಿ, `Dissolve` ಮಾಡಿ, ನಂತರ `Merge lines` ಕೊಟ್ಟು ಒಂದೇ ಅಖಂಡ ಗೆರೆಯಾಯಿತೇ ಎಂದು ನೋಡಿ. ಆಮೇಲೆ ಅಪಘಾತದ ಪದರದ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ:

```
line_locate_point(
  geometry(get_feature_by_id('nh75', 1)),
  $geometry)
```

ಇಲ್ಲಿ `nh75` ಪದರದ ಹೆಸರು, 1 ಎಂಬುದು ಗೆರೆಯ ಗುರುತು ಸಂಖ್ಯೆ. ನಿಮ್ಮ ಕಡತದಲ್ಲಿ ಬೇರೆ ಇರಬಹುದು, ನೋಡಿ ಬದಲಿಸಿ. ಗೆರೆಯೂ ಬಿಂದುಗಳೂ ಒಂದೇ ಯುಟಿಎಂ ವಲಯದಲ್ಲಿರಬೇಕು.

ಜೊತೆಗೆ ಪ್ರತಿ ಬಿಂದು ಗೆರೆಯಿಂದ ಎಷ್ಟು ದೂರ ಎಂಬುದನ್ನೂ ತೆಗೆಯಿರಿ. ಎದುರು ಬದಿಯ ರಸ್ತೆ, ಸರ್ವಿಸ್ ರಸ್ತೆ ಎಲ್ಲ ಸೇರಿದರೂ ಕೆಲವು ಹತ್ತು ಮೀಟರೊಳಗೆ ಬರಬೇಕು. 100 ಮೀಟರಿಗಿಂತ ಆಚೆ ಇರುವುದು ಬಹುತೇಕ ಬೇರೆ ರಸ್ತೆಯ ಅಪಘಾತ, ಇಲ್ಲವೇ ತಪ್ಪಾಗಿ ಹಾಕಿದ ಬಿಂದು. ಅವನ್ನು ಒಂದೊಂದಾಗಿ ನೋಡಿ.

## ಹಂತ 4: ಬ್ಯಾಂಡ್‌ವಿಡ್ತ್‌ಗೆ ಮೇಲೆ-ಕೆಳಗೆ ಬೇಲಿ

ಕರ್ನೆಲ್ ಸಾಂದ್ರತೆ ಎಂದರೆ ಪ್ರತಿ ಅಪಘಾತದ ಮೇಲೂ ಒಂದು ಸಣ್ಣ ಮರಳುಗುಡ್ಡೆ ಸುರಿದು ಎಲ್ಲವನ್ನೂ ಕೂಡಿಸುವುದು. ಬ್ಯಾಂಡ್‌ವಿಡ್ತ್ ಎಂದರೆ ಆ ಗುಡ್ಡೆಯ ಹರವು. ಅಂಕಿ ಹುಡುಕುವ ಮೊದಲು ಅದು ಎಷ್ಟರಿಂದ ಎಷ್ಟರೊಳಗೆ ಇರಬೇಕೆಂದು ರಸ್ತೆಯನ್ನು ನೋಡಿ ನಿರ್ಧರಿಸಬೇಕು.

ಕೆಳಮಿತಿ ಹಾಕುವುದು ಸ್ಥಾನದ ತಪ್ಪು. ಬಿಂದುವೇ 200 ಮೀಟರ್ ಅತ್ತಿತ್ತ ಇರುವಾಗ 50 ಮೀಟರ್ ಗುಡ್ಡೆಯಿಂದ ಸಿಗುವ ನಿಖರತೆ ಬರೀ ಭ್ರಮೆ. ಲೆಕ್ಕ ಸರಳ: ದುಂಡು ಮಾಡಿದ ಅಂತರವನ್ನು 12ರ ವರ್ಗಮೂಲದಿಂದ ಭಾಗಿಸಿ. ಸ್ಥಾನಗಳನ್ನು ಹತ್ತಿರದ ಕಿಲೋಮೀಟರ್ ಕಲ್ಲಿಗೆ ಬರೆದಿದ್ದರೆ 1000 ÷ 3.46, ಅಂದರೆ ಸುಮಾರು 290 ಮೀಟರ್. 200 ಮೀಟರ್ ಕಲ್ಲುಗಳಿಗೆ ಬರೆದಿದ್ದರೆ ಸುಮಾರು 58 ಮೀಟರ್. ಸ್ಥಳದಲ್ಲೇ ಮೊಬೈಲಿನಿಂದ ಗುರುತಿಸಿದ್ದಕ್ಕೆ ಇನ್ನೂ ಕಡಿಮೆ. ನಿಮ್ಮ ಪಟ್ಟಿಯಲ್ಲಿ ಎಲ್ಲ ಬಗೆಯೂ ಬೆರೆತಿದ್ದರೆ ಹೆಚ್ಚು ಪ್ರಕರಣ ಯಾವ ಬಗೆಯದೋ ಅದನ್ನು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಬಹುಪಾಲು ಮೊಬೈಲ್ ಗುರುತು, ಉಳಿದದ್ದು ಮಹಜರಿನಿಂದ ಸರಿಪಡಿಸಿದ್ದು. ಹಾಗಾಗಿ ಕೆಳಮಿತಿ 100 ಮೀಟರ್ ಎಂದು ಸ್ವಲ್ಪ ಧಾರಾಳವಾಗಿಯೇ ಇಟ್ಟುಕೊಳ್ಳೋಣ.

ಮೇಲ್ಮಿತಿ ಹಾಕುವುದು ರಿಪೇರಿ ಮಾಡಬಹುದಾದ ಜಾಗದ ಅಳತೆ. ಒಂದು ಡಿವೈಡರ್ ಸಂದಿ, ಅದಕ್ಕೆ ಸೇರುವ ಹಳ್ಳಿ ರಸ್ತೆ, ಬಸ್ ನಿಲ್ಲುವ ಜಾಗ ಎಲ್ಲ ಸೇರಿ ಕೆಲವು ನೂರು ಮೀಟರ್. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಬ್ಲ್ಯಾಕ್‌ಸ್ಪಾಟ್ ವ್ಯಾಖ್ಯೆಯೂ ಇದೇ ಅಳತೆಯದು: ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಕಳೆದ 3 ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಗುಡ್ಡೆ ಇದಕ್ಕಿಂತ ಬಹಳ ಅಗಲವಾದರೆ ಎರಡು ಬೇರೆ ಬೇರೆ ಸಂದಿಗಳು ಒಂದೇ ಗುಡ್ಡವಾಗಿ, ಅದರ ಶಿಖರ ಎರಡರ ನಡುವೆ, ಏನೂ ತೊಂದರೆ ಇಲ್ಲದ ಜಾಗದಲ್ಲಿ ಏಳುತ್ತದೆ.

ತಂತ್ರಾಂಶ ತಾನೇ ಸೂಚಿಸುವ ತ್ರಿಜ್ಯವನ್ನು ಇಲ್ಲಿ ನಂಬಬಾರದು. ಬಳಕೆಯಲ್ಲಿರುವ ಒಂದು ಸೂತ್ರ ಹೀಗಿದೆ:

```
0.9 * min(SD, sqrt(1/ln 2) * Dm) * n^(-0.2)
```

`SD` ಬಿಂದುಗಳ ಹರಡಿಕೆ, `Dm` ನಡುಬಿಂದುವಿನಿಂದ ಇರುವ ಮಧ್ಯಕ ದೂರ, `n` ಬಿಂದುಗಳ ಸಂಖ್ಯೆ. 40 ಕಿ.ಮೀ. ಉದ್ದಕ್ಕೂ ಚದುರಿದ 120 ಅಪಘಾತಕ್ಕೆ ಹರಡಿಕೆಯೇ ಸುಮಾರು 12 ಕಿ.ಮೀ. ಇರುತ್ತದೆ. 0.9 × 12 × 0.38 ಮಾಡಿದರೆ 4 ಕಿ.ಮೀ. ದಾಟುತ್ತದೆ. ಸೂತ್ರ ತಪ್ಪಲ್ಲ. ಒಂದೇ ಕೇಂದ್ರದ ಸುತ್ತ ಗುಂಪಾದ ಬಿಂದುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ರಸ್ತೆಯ ಉದ್ದವನ್ನೇ ಅದು ಗುಂಪಿನ ಅಗಲ ಎಂದುಕೊಳ್ಳುತ್ತದೆ. ಕೋಲಾರ ಪೂರ್ತಿ ಕೆಂಪಾಗುವ ನಕ್ಷೆ ಹುಟ್ಟುವುದು ಇಲ್ಲಿ.

## ಹಂತ 5: ಮುಂದಿನ ವರ್ಷವನ್ನೇ ಕೇಳುವುದು

ಬೇಲಿಯೊಳಗೆ ಅಂಕಿ ಆರಿಸಲು ಅತ್ಯಂತ ಪ್ರಾಮಾಣಿಕ ದಾರಿ ಇದು: ಎರಡು ವರ್ಷದ ಅಪಘಾತದಿಂದ ಸಾಂದ್ರತೆ ಕಟ್ಟಿ, ಮೂರನೇ ವರ್ಷದ ಅಪಘಾತಗಳು ಅದು ಎತ್ತರವಿದ್ದ ಕಡೆಯೇ ಬಿದ್ದವೇ ಎಂದು ನೋಡುವುದು. `x12` ಮೊದಲ ಎರಡು ವರ್ಷದ ಚೈನೇಜ್, `x3` ಮೂರನೆಯದು, ಎಲ್ಲ ಮೀಟರಿನಲ್ಲಿ, ಎರಡೂ ನಂಪೈ ಅರೇ ರೂಪದಲ್ಲಿ.

```python
import numpy as np

def f(g, a, h):
    d = (g[:, None] - a[None, :]) / h
    k = np.exp(-d**2 / 2)
    return k.sum(1) / (len(a) * h * np.sqrt(2*np.pi))

for h in [50, 100, 150, 200, 300, 500, 1000]:
    print(h, np.log(f(x3, x12, h)).mean())
```

ಇಲ್ಲಿ ಗಂಟೆಯಾಕಾರದ ಗೌಸಿಯನ್ ಕರ್ನೆಲ್ ಬಳಸಿದ್ದಕ್ಕೆ ಕಾರಣವಿದೆ. ನಕ್ಷೆಗೆ ಬಳಸುವ ಕ್ವಾರ್ಟಿಕ್ ಕರ್ನೆಲ್ ತ್ರಿಜ್ಯದಾಚೆ ಸೊನ್ನೆಯಾಗುತ್ತದೆ. ಮೂರನೇ ವರ್ಷದ ಒಂದೇ ಒಂದು ಒಂಟಿ ಅಪಘಾತ ಆ ಸೊನ್ನೆಯಲ್ಲಿ ಬಿದ್ದರೂ ಲಾಗ್ ಅನಂತಕ್ಕೆ ಕುಸಿದು, ಇಡೀ ಆಯ್ಕೆ ಆ ಒಂಟಿ ಬಿಂದುವಿನ ಕೈಗೆ ಹೋಗುತ್ತದೆ. ಗೌಸಿಯನ್‌ನಲ್ಲೂ ತೀರಾ ಸಣ್ಣ ಅಂಕಿಗೆ `-inf` ಬರಬಹುದು, ಆ ಸಾಲನ್ನು ಬಿಟ್ಟುಬಿಡಿ.

ಪ್ರತಿ `h` ಎದುರು ಬರುವ ಸರಾಸರಿ ಲಾಗ್ ಸಾಂದ್ರತೆಯೇ ಆ ಬ್ಯಾಂಡ್‌ವಿಡ್ತ್‌ನ ಅಂಕ. ಉದಾಹರಣೆಗೆ ಅಂಕಗಳು ಹೀಗೆ ಬಂದವು ಎನ್ನೋಣ: 50ಕ್ಕೆ −11.20, 100ಕ್ಕೆ −10.45, 150ಕ್ಕೆ −10.31, 200ಕ್ಕೆ −10.27, 300ಕ್ಕೆ −10.26, 500ಕ್ಕೆ −10.33, 1000ಕ್ಕೆ −10.45. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಇದನ್ನು ಓದುವ ಮೊದಲು ಒಂದು ಹೋಲಿಕೆ ಇಟ್ಟುಕೊಳ್ಳಿ. ಏನೂ ಗೊತ್ತಿಲ್ಲದವರು 40,000 ಮೀಟರ್ ಉದ್ದಕ್ಕೂ ಅಪಾಯ ಸಮ ಎಂದರೆ ಅವರ ಅಂಕ ln(1/40000), ಅಂದರೆ −10.60. ಯಾವ ಬ್ಯಾಂಡ್‌ವಿಡ್ತ್‌ಗೂ ಈ ಅಂಕ ದಾಟಲು ಆಗದಿದ್ದರೆ ನಿಮ್ಮ ದಾಖಲೆಯಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುವ ಹಾಟ್‌ಸ್ಪಾಟ್ ಕಾಣುತ್ತಿಲ್ಲ ಎಂದರ್ಥ, ಅಲ್ಲಿಗೇ ನಿಲ್ಲಿಸಿ. ಮೇಲಿನ ಸಾಲಿನಲ್ಲಿ 50 ಆ ಅಂಕಕ್ಕಿಂತ ಕೆಳಗೆ ಬಿದ್ದಿದೆ. ಚುಕ್ಕೆಚುಕ್ಕೆಯ ನಕ್ಷೆ ಏನೂ ಗೊತ್ತಿಲ್ಲದವರಿಗಿಂತ ಕೆಟ್ಟ ಭವಿಷ್ಯ ಹೇಳುತ್ತದೆ!

200ಕ್ಕೂ 300ಕ್ಕೂ ಇರುವ 0.01 ವ್ಯತ್ಯಾಸ 40 ಅಪಘಾತದ ಪರೀಕ್ಷೆಯಲ್ಲಿ ಲೆಕ್ಕಕ್ಕಿಲ್ಲ. ಇಂಥ ಸಮತಟ್ಟಾದ ತುದಿಯಲ್ಲಿ ಚಿಕ್ಕದನ್ನೇ ಆರಿಸಿ, ಜಾಗ ಹೆಚ್ಚು ಖಚಿತವಾಗಿ ಸಿಗುತ್ತದೆ. ಇಲ್ಲಿ 200 ಮೀಟರ್. ಮೂರು ವರ್ಷಗಳನ್ನೂ ಸರದಿಯಂತೆ ಪರೀಕ್ಷೆಗೆ ಇಟ್ಟು ಮೂರು ಅಂಕಗಳ ಸರಾಸರಿ ತೆಗೆದರೆ ಇನ್ನೂ ಗಟ್ಟಿ.

ಎಚ್ಚರಿಕೆಯ ಗುರುತು: ಬ್ಯಾಂಡ್‌ವಿಡ್ತ್ ಚಿಕ್ಕದಾದಂತೆಲ್ಲ ಅಂಕ ಸುಧಾರಿಸುತ್ತಲೇ ಹೋಗಿ 10 ಮೀಟರಿಗೂ ನಿಲ್ಲದಿದ್ದರೆ ಖುಷಿಪಡಬೇಡಿ. ಎಲ್ಲ ವರ್ಷಗಳಲ್ಲೂ ಒಂದೇ ಸ್ಥಾನಕ್ಕೆ ಬರೆದ ಬಿಂದುಗಳು ಉಳಿದಿವೆ, ಲೆಕ್ಕ ಅವುಗಳ ಮೇಲೆ ಸೂಜಿ ನಿಲ್ಲಿಸುತ್ತಿದೆ. ಹಂತ 1ಕ್ಕೆ ವಾಪಸ್ ಹೋಗಿ. ನಡುವೆ ಮೇಲ್ಸೇತುವೆ ಬಂದು ರಸ್ತೆಯೇ ಬದಲಾಗಿದ್ದರೆ ಆ ಭಾಗದ ಹಳೆ ವರ್ಷಗಳನ್ನು ಈ ಪರೀಕ್ಷೆಗೆ ಬಳಸಬಾರದು.

## ಹಂತ 6: 200 ಅನ್ನು ಹಾಗೇ ತ್ರಿಜ್ಯಕ್ಕೆ ಹಾಕಬೇಡಿ

ಇಷ್ಟು ದೂರ ಸರಿಯಾಗಿ ಬಂದವರೂ ಎಡವುವ ಜಾಗ ಇದು. ಗೌಸಿಯನ್‌ನ 200 ಎಂದರೆ ಗುಡ್ಡೆಯ ಪ್ರಮಾಣಿತ ವಿಚಲನೆ, ಗುಡ್ಡೆ ಅದರಾಚೆಗೂ ಹರಡಿರುತ್ತದೆ. ಕ್ಯೂಜಿಐಎಸ್‌ನ ತ್ರಿಜ್ಯ ಎಂದರೆ ಗುಡ್ಡೆ ಪೂರ್ತಿ ಮುಗಿಯುವ ಅಂಚು. ರಸ್ತೆಯ ಉದ್ದಕ್ಕೆ ಕ್ವಾರ್ಟಿಕ್ ಗುಡ್ಡೆಯ ವಿಚಲನೆ ತ್ರಿಜ್ಯದ 0.378 ಪಟ್ಟು ಮಾತ್ರ. ಆದ್ದರಿಂದ ತ್ರಿಜ್ಯ = 200 × 2.65 = 530 ಮೀಟರ್. ಮರೆತು 200 ಎಂದೇ ಹಾಕಿದರೆ ನೀವು ನಿಜವಾಗಿ ಬಳಸಿದ್ದು 76 ಮೀಟರ್, ಹಂತ 5ರಲ್ಲಿ ಸೋತ ಚುಕ್ಕೆ ನಕ್ಷೆಯ ಹತ್ತಿರಕ್ಕೇ ಮರಳಿದಿರಿ.

ಮೊದಲು ಬಿಂದುಗಳನ್ನು ಅವುಗಳ ಚೈನೇಜ್‌ನಲ್ಲಿ ಗೆರೆಯ ಮೇಲೇ ಕೂರಿಸಿ (`Geometry by expression` ಮತ್ತು `line_interpolate_point`). ಆಮೇಲೆ `Heatmap (Kernel Density Estimation)` ತೆರೆದು `Radius` 530, `Pixel size` 25, `Kernel shape` ಎದುರು `Quartic`, `Output value scaling` ಎದುರು `Raw` ಆರಿಸಿ. 530ರ ಗುಡ್ಡೆಯ ಅರ್ಧ ಎತ್ತರದ ಅಗಲ ಸುಮಾರು 570 ಮೀಟರ್. ಸಚಿವಾಲಯದ 500 ಮೀಟರ್ ತುಂಡಿಗೆ ಇದು ಹತ್ತಿರ ಬಂದಿರುವುದರಿಂದ ಫಲಿತಾಂಶವನ್ನು ಎಂಜಿನಿಯರುಗಳ ಮುಂದೆ ಇಡುವುದೂ ಸುಲಭ.

`Raw` ನಕ್ಷೆಯಲ್ಲಿ ಪ್ರತಿ ಅಪಘಾತವೂ ತನ್ನ ಜಾಗದಲ್ಲಿ 1 ಕೊಟ್ಟು, ತ್ರಿಜ್ಯದ ಅಂಚಿಗೆ ಹೋಗುವಷ್ಟರಲ್ಲಿ 0 ಆಗುತ್ತದೆ. ತ್ರಿಜ್ಯ ಹೆಚ್ಚಿಸಿದರೆ ಶಿಖರದ ಅಂಕಿ ಸಾಮಾನ್ಯವಾಗಿ ಏರಿಯೇ ಏರುತ್ತದೆ. ಬೇರೆ ಬೇರೆ ತ್ರಿಜ್ಯದ ಎರಡು ನಕ್ಷೆಗಳ ಅಂಕಿಗಳನ್ನು ಹೋಲಿಸಿ ಇದರಲ್ಲಿ ಅಪಾಯ ಹೆಚ್ಚು ಎನ್ನುವುದು ಅರ್ಥವಿಲ್ಲದ ಮಾತು.

## ಹಂತ 7: ಆಕಸ್ಮಿಕ ಶಿಖರಗಳನ್ನು ಬೇರ್ಪಡಿಸುವುದು

40 ಕಿ.ಮೀ.ಗೆ 120 ಅಪಘಾತ ಎಂದರೆ 500 ಮೀಟರಿಗೆ ಸರಾಸರಿ 1.5. ಅಪಾಯ ಎಲ್ಲ ಕಡೆ ಸಮವಾಗಿದ್ದರೂ ಒಂದು ತುಂಡಿನಲ್ಲಿ 5 ಅಥವಾ ಹೆಚ್ಚು ಬೀಳುವ ಸಾಧ್ಯತೆ ಪ್ವಾಸಾನ್ ಲೆಕ್ಕದಲ್ಲಿ ಸುಮಾರು ಶೇ 1.9. ಅಂಥ ತುಂಡುಗಳು 80 ಇವೆ. ಅಂದರೆ ರಸ್ತೆಯಲ್ಲಿ ಏನೂ ದೋಷವಿಲ್ಲದಿದ್ದರೂ ಒಂದೋ ಎರಡೋ ತುಂಡು 5ಕ್ಕೆ ಮುಟ್ಟುತ್ತವೆ. ನಿಮ್ಮ ಶಿಖರ ಅದಲ್ಲ ಎಂದು ತೋರಿಸಲು, ಹಂತ 5ರ `f` ಬಳಸಿ 120 ಬಿಂದುಗಳನ್ನು 999 ಸಲ ಮನಸೋಯಿಚ್ಛೆ ಎರಚಿ ಪ್ರತಿ ಸಲದ ಅತಿ ಎತ್ತರ ನೋಡಿ.

```python
rng = np.random.default_rng(75)
g = np.arange(0, 40001, 25)
mx = [f(g, rng.uniform(0, 40000, 120), 200).max()
      for _ in range(999)]
print(np.quantile(mx, 0.95) * 120 * 500)
```

ಕೊನೆಯ ಗುಣಾಕಾರ ಅಂಕಿಯನ್ನು 500 ಮೀಟರಿಗೆ 3 ವರ್ಷದಲ್ಲಿ ಎಷ್ಟು ಅಪಘಾತ ಎಂಬ ಅರ್ಥವಾಗುವ ಅಳತೆಗೆ ತರುತ್ತದೆ. ಈ ಉದಾಹರಣೆಯಲ್ಲಿ ಅದು ಸುಮಾರು 6ರಿಂದ 7ರ ಆಸುಪಾಸಿನಲ್ಲಿ ನಿಲ್ಲಬೇಕು. ಮೂರೂ ವರ್ಷ ಸೇರಿಸಿದ ನಿಜ ದಾಖಲೆಗೆ ಅದೇ `g`, ಅದೇ 200 ಕೊಟ್ಟು ಬಂದ ಸಾಂದ್ರತೆಯನ್ನೂ ಹೀಗೇ ಗುಣಿಸಿ. ಆ ಗೆರೆ ದಾಟಿದ ಶಿಖರವನ್ನು ಗಟ್ಟಿ ಎನ್ನಿ. 4-5ರಲ್ಲಿ ನಿಂತದ್ದನ್ನು ಅಳಿಸಬೇಡಿ, ಕಣ್ಣಿಡಬೇಕಾದ ಜಾಗ ಎಂದು ಬೇರೆ ಬಣ್ಣ ಕೊಡಿ. ಒಂದು ಮಿತಿ ನೆನಪಿರಲಿ: ಈ ಪರೀಕ್ಷೆ ವಾಹನ ದಟ್ಟಣೆಯನ್ನು ನೋಡುವುದಿಲ್ಲ. ನಗರದ ಹತ್ತಿರ ವಾಹನ ಹೆಚ್ಚಿರುವುದರಿಂದಲೇ ಎದ್ದ ಅಗಲವಾದ ದಿಬ್ಬವೂ ಗೆರೆ ದಾಟಬಹುದು. ಸಂದಿಯೊಂದರ ಶಿಖರ ಸಾಮಾನ್ಯವಾಗಿ ಕಿರಿದಾಗಿ, ಚೂಪಾಗಿ ಇರುತ್ತದೆ.

## ಹಂತ 8: ಶಿಖರದಿಂದ ರಸ್ತೆಗೆ

ಪ್ರತಿ ಗಟ್ಟಿ ಶಿಖರಕ್ಕೂ ಅದರ ಅರ್ಧ ಎತ್ತರ ಎಲ್ಲಿಂದ ಎಲ್ಲಿಯವರೆಗೆ ಎಂದು ಚೈನೇಜ್‌ನಲ್ಲಿ ಬರೆದುಕೊಳ್ಳಿ. ಆ ಮಿತಿಯೊಳಗಿನ ಮಹಜರುಗಳನ್ನೆಲ್ಲ ಒಟ್ಟಿಗೆ ಓದಿ. ಏಳರಲ್ಲಿ ಆರು ರಾತ್ರಿ ರಸ್ತೆ ದಾಟುವ ಪಾದಚಾರಿಗಳದಾಗಿದ್ದರೆ ಒಂದು ಕಥೆ, ಡಿವೈಡರ್ ಸಂದಿಯಲ್ಲಿ ತಿರುಗುವ ಬೈಕುಗಳದಾಗಿದ್ದರೆ ಇನ್ನೊಂದು. ಏಳೂ ಏಳು ಬಗೆಯಾಗಿದ್ದು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಆ ಶಿಖರವನ್ನು ಅನುಮಾನಿಸಿ.

ಜಾಗವನ್ನು ಇಲಾಖೆಗೆ ತಿಳಿಸುವಾಗ ನಿಮ್ಮ ಗೆರೆಯ ಚೈನೇಜ್ ಕೊಡಬೇಡಿ. ನಿಮ್ಮ ಸೊನ್ನೆ ನೀವು ಗೆರೆ ಶುರು ಮಾಡಿದ ಜಾಗ, ಹೆದ್ದಾರಿಯ ಕಲ್ಲುಗಳ ಸೊನ್ನೆ ಬೇರೆಯೇ. ತುಂಡಿನ ಎರಡು ತುದಿಯಲ್ಲಿ ಒಂದೊಂದು ಕಿಲೋಮೀಟರ್ ಕಲ್ಲಿನ ಸ್ಥಾನವನ್ನು ಜಿಪಿಎಸ್‌ನಲ್ಲಿ ಹಿಡಿದು, ಅವೆರಡರ ನಡುವೆ ಪ್ರಮಾಣ ಹಾಕಿ ಶಿಖರದ ಚೈನೇಜ್ ಅನ್ನು ಕಲ್ಲಿನ ಲೆಕ್ಕಕ್ಕೆ ಬದಲಿಸಿ. ನಡುವಿನ ಮೂರನೇ ಕಲ್ಲೊಂದನ್ನು ಪರೀಕ್ಷೆಗೆ ಇಟ್ಟುಕೊಳ್ಳಿ: ನಿಮ್ಮ ಲೆಕ್ಕ ಹೇಳುವ ಜಾಗಕ್ಕೂ ಕಲ್ಲು ನಿಂತಿರುವ ಜಾಗಕ್ಕೂ 100 ಮೀಟರಿಗಿಂತ ಹೆಚ್ಚು ಅಂತರ ಬಂದರೆ ಗೆರೆ ಎಲ್ಲೋ ಬೈಪಾಸ್ ಬಿಟ್ಟು ಊರೊಳಗಿನ ಹಳೆ ರಸ್ತೆ ಹಿಡಿದಿದೆಯೇ ಎಂದು ಮೊದಲು ನೋಡಿ.